ವಿಮರ್ಶೆಗೆ ಉತ್ತರ ಬರೆಯುವ ಮುನ್ನ ತಾರೀಖುಗಳನ್ನು ಸಾಲಾಗಿ ಬರೆದುಕೊಳ್ಳಿ

ಪ್ರಶ್ನೆ: ರಾಜಾ ರಾಮಮೋಹನ ರಾಯ್ ಬಗ್ಗೆ ನಾನು ಬರೆದ ಸಂಶೋಧನಾ ಗ್ರಂಥಕ್ಕೆ ಒಂದು ಪತ್ರಿಕೆಯಲ್ಲಿ ಕಟುವಾದ ವಿಮರ್ಶೆ ಬಂದಿದೆ. "ಸತಿ ನಿಷೇಧ ಕಾನೂನನ್ನು ರಾಯ್ ವಿರೋಧಿಸಿದ್ದರು" ಎಂದು ಬರೆದಿದ್ದೆ. ಅದು ಆಧಾರವಿಲ್ಲದ ಮಾತು, ಮಹಾನ್ ಸುಧಾರಕನಿಗೆ ಮಸಿ ಬಳಿಯುವ ಕೆಲಸ ಎಂದಿದ್ದಾರೆ. ಕಾನೂನು ಬಂದಾಗ ರಾಯ್ ಅದನ್ನು ಸ್ವಾಗತಿಸಿದ್ದನ್ನೇ ಪುರಾವೆಯಾಗಿ ಕೊಟ್ಟಿದ್ದಾರೆ. ಹುಟ್ಟಿದ ವರ್ಷ 1772 ಎಂದು ಬರೆದದ್ದೂ ತಪ್ಪು, ಸಮಾಧಿಯ ಮೇಲೆ 1774 ಇದೆ ಎಂದಿದ್ದಾರೆ. ನನ್ನ ಬಳಿ ಬೆಂಟಿಂಕ್ ಬರೆದ ಟಿಪ್ಪಣಿಯ ಆಧಾರ ಇದೆ. ಸಭ್ಯವಾಗಿ, ಆದರೆ ಗಟ್ಟಿಯಾಗಿ ಉತ್ತರ ಕೊಡುವುದು ಹೇಗೆ?

ಉತ್ತರ: ಮೊದಲು ನಿಮ್ಮದೇ ವಾಕ್ಯವನ್ನು ಬೇರೆಯವರ ಬರಹದಂತೆ ಓದಿ. "ವಿರೋಧಿಸಿದ್ದರು" ಎಂಬ ಒಂದು ಕ್ರಿಯಾಪದದಲ್ಲೇ ಇಡೀ ಜಗಳ ಇದೆ. ಬೆಂಟಿಂಕ್ ಟಿಪ್ಪಣಿ ಅಷ್ಟು ಹೇಳುತ್ತದೆಯೇ? ಅದನ್ನು ಪಕ್ಕದಲ್ಲಿಟ್ಟುಕೊಂಡು ನೋಡಿ.

ಅದು 1829ರ ನವೆಂಬರ್ 8ರ ಟಿಪ್ಪಣಿ. ಅದರಲ್ಲಿ ಗವರ್ನರ್ ಜನರಲ್ ವಿಲಿಯಂ ಬೆಂಟಿಂಕ್, ರಾಯ್ ತಮ್ಮೊಡನೆ ಮಾತನಾಡುವಾಗ ಹೇಳಿದ್ದನ್ನು ದಾಖಲಿಸುತ್ತಾರೆ. ಬಹಿರಂಗವಾಗಿ ಕಾನೂನು ತಂದರೆ, ಇಂಗ್ಲಿಷರು ಅಧಿಕಾರ ಸಿಕ್ಕಮೇಲೆ ನಮ್ಮ ಧರ್ಮಕ್ಕೆ ಕೈ ಹಾಕಿದರು ಎಂಬ ಭಯ ಜನರಲ್ಲಿ ಹುಟ್ಟುತ್ತದೆ. ಅದರ ಬದಲು ಕಟ್ಟುಪಾಡುಗಳನ್ನು ಹೆಚ್ಚಿಸುತ್ತಾ, ಪೊಲೀಸರ ಮೂಲಕ ಸದ್ದಿಲ್ಲದೆ ಈ ಪದ್ಧತಿಯನ್ನು ಅಡಗಿಸಬಹುದು. ಇದು ರಾಯ್ ಅಭಿಪ್ರಾಯ ಎಂದು ಬೆಂಟಿಂಕ್ ಬರೆಯುತ್ತಾರೆ. ಅದೇ ಜಾಗದಲ್ಲಿ ಅವರು ರಾಯ್ ಅವರನ್ನು ಸತಿ ಪದ್ಧತಿ ಕೊನೆಗೊಳ್ಳಬೇಕೆಂದು ಬಲವಾಗಿ ವಾದಿಸುವವರು ಎಂದೂ ಕರೆಯುತ್ತಾರೆ.

ಅಂದರೆ ರಾಯ್ ಅನುಮಾನಪಟ್ಟಿದ್ದು ಕಾನೂನಿನ ದಾರಿಯ ಬಗ್ಗೆ. ಗುರಿಯ ಬಗ್ಗೆ ಅಲ್ಲ. ನಿಮ್ಮ "ವಿರೋಧಿಸಿದ್ದರು" ಈ ಎರಡನ್ನೂ ಬೆರೆಸಿಬಿಟ್ಟಿದೆ. ಓದುಗ ಅದನ್ನು ಸತಿಯ ಪರ ನಿಂತರು ಎಂದೂ ಅರ್ಥಮಾಡಿಕೊಳ್ಳಬಹುದು. ವಿಮರ್ಶಕರಿಗೆ ಸಿಟ್ಟು ಬಂದದ್ದು ಇಲ್ಲೇ ಎಂದು ನನಗನಿಸುತ್ತದೆ. ಆ ಸಿಟ್ಟಿಗೆ ಕಾರಣ ಇದೆ. "ಆಧಾರವಿಲ್ಲ" ಎಂದದ್ದು ಮಾತ್ರ ಸರಿಯಲ್ಲ.

ಈಗ ಅವರು ಕೊಟ್ಟ ಪುರಾವೆಗೆ ಬನ್ನಿ. ಒಂದು ಹಾಳೆಯಲ್ಲಿ ತಾರೀಖುಗಳನ್ನು ಸಾಲಾಗಿ ಬರೆದುಕೊಳ್ಳಿ. 1818ರಲ್ಲಿ ರಾಯ್ ಸಹಗಮನದ ವಿರುದ್ಧ ಸಂವಾದ ರೂಪದ ಪುಸ್ತಿಕೆ ಪ್ರಕಟಿಸಿದರು. 1829ರ ನವೆಂಬರ್‌ನಲ್ಲಿ ಬೆಂಟಿಂಕ್ ಟಿಪ್ಪಣಿ ಬಂತು. ಡಿಸೆಂಬರ್ 4ರಂದು ನಿಷೇಧದ ಕಾನೂನು ಜಾರಿಗೆ ಬಂತು. 1830ರ ಜನವರಿಯಲ್ಲಿ ರಾಯ್ ಮತ್ತು ಅವರ ಜೊತೆಯವರು ಬೆಂಟಿಂಕ್‌ಗೆ ಅಭಿನಂದನಾ ಪತ್ರ ಕೊಟ್ಟರು. ಕಾನೂನನ್ನು ರದ್ದು ಮಾಡಬೇಕೆಂದು ಅದರ ವಿರೋಧಿಗಳು ಲಂಡನ್ನಿನ ಪ್ರಿವಿ ಕೌನ್ಸಿಲ್‌ಗೆ ಹೋದರು. 1832ರಲ್ಲಿ ಅವರ ಅರ್ಜಿ ಬಿದ್ದುಹೋಯಿತು. ಆ ಹೊತ್ತಿಗೆ ರಾಯ್ ಇಂಗ್ಲೆಂಡಿನಲ್ಲೇ ಇದ್ದರು, ಕಾನೂನಿನ ಪರ ನಿಂತಿದ್ದರು.

ಹೀಗೆ ಬರೆದುಕೊಂಡ ಕೂಡಲೇ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ವಿಮರ್ಶಕರು ತೋರಿಸುವ ಸ್ವಾಗತ ಕಾನೂನು ಬಂದಮೇಲಿನದು. ನೀವು ಹೇಳುವುದು ಅದಕ್ಕಿಂತ ಮುಂಚಿನ ಮಾತು. ಇಬ್ಬರ ಆಧಾರವೂ ನಿಜ. ಒಂದು ಇನ್ನೊಂದನ್ನು ಸುಳ್ಳು ಮಾಡುವುದಿಲ್ಲ. ಉತ್ತರದ ಮುಖ್ಯ ವಾದ ಇದೇ ಆಗಲಿ. ವಿಮರ್ಶಕರ ಪುರಾವೆಯನ್ನು ತಳ್ಳಿಹಾಕಬೇಕಾಗಿಲ್ಲ, ಅದು ಇರಬೇಕಾದ ಕಾಲಕ್ಕೆ ಅದನ್ನು ಸೇರಿಸಿದರೆ ಸಾಕು.

ಒಬ್ಬ ಜಾಗರೂಕ ಓದುಗ ಇನ್ನೊಂದು ಪ್ರಶ್ನೆ ಕೇಳಿಯೇ ಕೇಳುತ್ತಾನೆ. ಬೆಂಟಿಂಕ್ ಮಾತನ್ನು ನಂಬುವುದು ಹೇಗೆ? ಇದು ರಾಯ್ ಕೈಬರಹ ಅಲ್ಲ, ಇನ್ನೊಬ್ಬರು ಬರೆದಿಟ್ಟ ಸಂಭಾಷಣೆ. ಈ ಮಿತಿಯನ್ನು ಯಾರಾದರೂ ಎತ್ತುವ ಮೊದಲು ನೀವೇ ಹೇಳಿಬಿಡಿ. ಜೊತೆಗೆ ಅದರ ತೂಕವನ್ನೂ ಹೇಳಿ. ಬೆಂಟಿಂಕ್ ಆಗ ಕಾನೂನು ತರಲು ಹೊರಟಿದ್ದರು. ಆ ನಿರ್ಧಾರಕ್ಕೆ ರಾಯ್ ಅಂಥವರ ಒಪ್ಪಿಗೆ ಇದೆ ಎಂದು ಬರೆಯುವುದು ಅವರಿಗೆ ಅನುಕೂಲವಾಗಿತ್ತು, ಅಲ್ವಾ? ಅವರು ಬರೆದದ್ದು ಅದಕ್ಕೆ ಉಲ್ಟಾ. ತಮ್ಮ ವಾದಕ್ಕೆ ತೊಡಕಾಗುವ ಅಭಿಪ್ರಾಯವನ್ನು ಅಧಿಕೃತ ದಾಖಲೆಯಲ್ಲಿ ಸೇರಿಸಿ, ಅದನ್ನು ದಾಟಿ ಮುಂದೆ ಹೋದರು. ಹಾಗಾಗಿ ಆ ಸಾಲುಗಳನ್ನು ಸುಲಭವಾಗಿ ಪಕ್ಕಕ್ಕೆ ತಳ್ಳಲಾಗದು. ಇಷ್ಟನ್ನು ನಾಲ್ಕು ವಾಕ್ಯದಲ್ಲಿ ಹೇಳಿ.

ಉತ್ತರದ ನಡುಭಾಗ ಹೀಗಿರಬಹುದು:

"ನನ್ನ ವಾಕ್ಯದಲ್ಲಿ 'ವಿರೋಧಿಸಿದ್ದರು' ಎಂಬ ಪದ ಆಧಾರವನ್ನು ಮೀರಿದೆ ಎಂದು ಒಪ್ಪುತ್ತೇನೆ. ರಾಯ್ ಸತಿ ಪದ್ಧತಿಯ ಪರ ಇದ್ದರು ಎಂಬ ಅರ್ಥ ಬರುವುದಾದರೆ ಆ ತಪ್ಪು ನನ್ನದು. ಆದರೆ ಈ ಮಾತಿಗೆ ಆಧಾರವೇ ಇಲ್ಲ ಎಂಬುದನ್ನು ಒಪ್ಪಲಾರೆ. 1829ರ ನವೆಂಬರ್ 8ರ ಟಿಪ್ಪಣಿಯಲ್ಲಿ ಬೆಂಟಿಂಕ್, ಬಹಿರಂಗ ಕಾನೂನಿಗಿಂತ ಸದ್ದಿಲ್ಲದ ಕ್ರಮಗಳು ಮೇಲು ಎಂದು ರಾಯ್ ತಮಗೆ ಹೇಳಿದ್ದಾಗಿ ಬರೆದಿದ್ದಾರೆ. ವಿಮರ್ಶಕರು ಎತ್ತಿದ ಅಭಿನಂದನೆ ಮರುವರ್ಷ ಜನವರಿಯದು. ಕಾನೂನಿನ ಬಗ್ಗೆ ಹಿಂಜರಿದವರು ಅದು ಬಂದಮೇಲೆ ಬೆನ್ನಿಗೆ ನಿಂತರು ಎಂಬುದೇ ಎರಡೂ ದಾಖಲೆ ಸೇರಿ ಹೇಳುವ ಕಥೆ."

ಒಪ್ಪಿಗೆ ಇಲ್ಲಿ ಮೊದಲು ಬಂದಿದೆ, ಅದೂ ಪೂರ್ತಿಯಾಗಿ. "ಸ್ವಲ್ಪ ಅವಸರದ ಪದ ಇರಬಹುದೇನೋ" ಎಂಬ ಅರ್ಧ ಒಪ್ಪಿಗೆ ಓದುಗರಿಗೆ ಜಾರಿಕೊಂಡಂತೆ ಕಾಣುತ್ತದೆ. ವಿಮರ್ಶಕರ ಉದ್ದೇಶ, ಓದು, ಪಂಥದ ಬಗ್ಗೆ ಒಂದು ಪದವೂ ಇಲ್ಲ. "ಮಸಿ ಬಳಿಯುವ ಕೆಲಸ" ಎಂಬ ಮಾತಿಗೆ ಉತ್ತರವನ್ನೇ ಕೊಟ್ಟಿಲ್ಲ. ಅದು ನಿಮಗೆ ಜಾಸ್ತಿ ನೋವು ಕೊಟ್ಟ ಸಾಲು, ಗೊತ್ತು. ಆದರೆ ಅದಕ್ಕೆ ದಾಖಲೆಯಿಂದ ಉತ್ತರ ಕೊಡಲು ಆಗುವುದಿಲ್ಲ. ದಾಖಲೆಯಿಲ್ಲದ ಉತ್ತರ ಬರೆದರೆ ನೀವೂ ಅದೇ ದನಿಗೆ ಇಳಿಯುತ್ತೀರಿ. ವಿಮರ್ಶಕರ ಮಾತನ್ನು ಹೇಳುವಾಗ ಸಾರಾಂಶ ಮಾಡಬೇಡಿ, ಅವರ ವಾಕ್ಯವನ್ನೇ ಪುಟಸಂಖ್ಯೆ ಸಹಿತ ಎತ್ತಿ ಬರೆಯಿರಿ. ಬೇರೆಯವರ ಮಾತಿನ ಸಾರಾಂಶ ಬರೆಯುವಾಗ ನಮಗೇ ತಿಳಿಯದೆ ಅದನ್ನು ದುರ್ಬಲ ಮಾಡಿಬಿಡುತ್ತೇವೆ.

ಹುಟ್ಟಿದ ವರ್ಷಕ್ಕೆ ಮೂರು ಸಾಲು ಸಾಕು. 1772 ಮತ್ತು 1774 ಎರಡೂ ಚಾಲ್ತಿಯಲ್ಲಿವೆ. ಬ್ರಿಸ್ಟಲ್‌ನ ಆರ್ನೋಸ್ ವೇಲ್ ಸಮಾಧಿಯ ಬರಹ 1872ರದು, ಅಂದರೆ 1833ರಲ್ಲಿ ರಾಯ್ ತೀರಿಕೊಂಡು ಸುಮಾರು ನಾಲ್ಕು ದಶಕದ ನಂತರದ್ದು. ಆದ್ದರಿಂದ ಅದೊಂದನ್ನೇ ನಂಬಿ 1772 ತಪ್ಪು ಎನ್ನಲಾಗದು. ಆದರೆ ಭಿನ್ನಾಭಿಪ್ರಾಯ ಇದೆ ಎಂದು ನೀವು ಅಡಿಟಿಪ್ಪಣಿಯಲ್ಲಿ ಹೇಳಬೇಕಿತ್ತು. ಅದನ್ನು ಒಪ್ಪಿ, ಮುಂದಿನ ಮುದ್ರಣದಲ್ಲಿ ಸೇರಿಸುವುದಾಗಿ ಬರೆಯಿರಿ. ಇದನ್ನು ಉತ್ತರದ ಕೊನೆಗೆ ಇಡಿ. ಮೊದಲೇ ಇಟ್ಟರೆ ಓದುಗರು ಇಡೀ ಜಗಳ ಎರಡು ವರ್ಷದ ವ್ಯತ್ಯಾಸದ ಮೇಲೆ ಎಂದುಕೊಳ್ಳುತ್ತಾರೆ.

ಬರೆಯಲು ಕೂರುವ ಮುನ್ನ ಸಂಪಾದಕರಿಗೊಂದು ಸಣ್ಣ ಪತ್ರ ಬರೆದು, ಲೇಖಕರ ಉತ್ತರಕ್ಕೆ ಜಾಗ ಕೊಡುತ್ತಾರಾ, ಎಷ್ಟು ಪದ ಎಂದು ಕೇಳಿ. ಮಿತಿ ಏನೇ ಇರಲಿ, ವಿಮರ್ಶೆಗಿಂತ ಉತ್ತರ ಉದ್ದವಾಗದಿರಲಿ. ಬೆಂಟಿಂಕ್ ಟಿಪ್ಪಣಿಯ ಆ ಭಾಗವನ್ನು ಇನ್ನೊಬ್ಬರ ಪುಸ್ತಕದಿಂದ ಎತ್ತಿದ್ದರೆ, ಕಳಿಸುವ ಮೊದಲು ಪೂರ್ತಿ ಟಿಪ್ಪಣಿ ಹುಡುಕಿ ಓದಿ. ರಾಯ್ ಮಾತಿನ ಹಿಂದೆ ಮುಂದೆ ಬೆಂಟಿಂಕ್ ಏನು ಬರೆದಿದ್ದಾರೆ ಎಂಬುದು ನಿಮ್ಮ ವಾಕ್ಯಕ್ಕೆ ನೇರವಾಗಿ ಸಂಬಂಧಿಸಿದ್ದು. ಆ ಪುಟಗಳ ಪ್ರತಿಯನ್ನು ಉತ್ತರದ ಜೊತೆಗೇ ಸಂಪಾದಕರಿಗೆ ಕಳಿಸಿ. ವಿಮರ್ಶಕರಿಗೂ ಅದನ್ನು ತೋರಿಸಿ ಎಂದು ಕೇಳಿಕೊಳ್ಳಿ.