ಲಾರಿ ಹೊರಟ ಮೇಲೆ ಅಡ್ರೆಸ್ ಬದಲಾದರೆ ಯಾರಿಗೆ ಹೇಳಬೇಕು?

ಪ್ರಶ್ನೆ: ಪೀಣ್ಯದಲ್ಲಿ ನಮ್ಮದು ಪಂಪ್ ಬಿಡಿಭಾಗ ಮಾಡುವ ಸಣ್ಣ ಘಟಕ. ಹೋದ ವಾರ ಹುಬ್ಬಳ್ಳಿ ಪಾರ್ಟಿಗೆ 14 ಬಾಕ್ಸ್ ಪಾರ್ಟ್ ಲೋಡ್‌ನಲ್ಲಿ ಕಳಿಸಿದೆವು, ಬಿಲ್ 1.8 ಲಕ್ಷ. ಮರುದಿನ ಬೆಳಿಗ್ಗೆ ಪಾರ್ಟಿ ಫೋನ್ ಮಾಡಿ, ‘ಹುಬ್ಬಳ್ಳಿ ಬೇಡ, ನಮ್ಮ ಬೆಳಗಾವಿ ಗೋಡೌನ್‌ಗೆ ಹಾಕಿ’ ಅಂದರು. ಡ್ರೈವರ್‌ಗೆ ಹೇಳಿದೆ, ‘ಆಯ್ತು ಸಾರ್’ ಅಂದ. ಮಾಲು ಹುಬ್ಬಳ್ಳಿ ಬ್ರಾಂಚ್‌ನಲ್ಲೇ ಇಳಿದು ಕೂತಿದೆ. ಏನು ಮಾಡಬೇಕಿತ್ತು?

ಉತ್ತರ: ಬುಕ್ ಮಾಡಿದ ಆಫೀಸಿಗೆ ಹೇಳಬೇಕಿತ್ತು, ಅದೂ ಬರಹದಲ್ಲಿ. ಡ್ರೈವರ್ ಸುಳ್ಳು ಹೇಳಿರಲಿಕ್ಕಿಲ್ಲ. ಪಾರ್ಟ್ ಲೋಡ್ ಲಾರಿಯಲ್ಲಿ ಹತ್ತಾರು ಪಾರ್ಟಿಗಳ ಮಾಲು ಇರುತ್ತದೆ. ಅವನ ಕೈಯಲ್ಲಿರುವ ಪಟ್ಟಿಯಲ್ಲಿ ನಿಮ್ಮ 14 ಬಾಕ್ಸ್ ಮುಂದೆ ‘ಹುಬ್ಬಳ್ಳಿ’ ಅಂತ ಬರೆದಿದೆ, ಅಷ್ಟೇ. ಅದನ್ನು ತಿದ್ದುವ ಅಧಿಕಾರ ಅವನಿಗಿಲ್ಲ. ನಾನು ಬುಕಿಂಗ್ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದಾಗ ಇಂಥದ್ದೇ ಒಂದು ಮಾಲು ಹಳೆಯ ಅಡ್ರೆಸ್‌ಗೆ ಹೋಗಿಬಿಟ್ಟಿತ್ತು. ಮಾತು ಕೊಟ್ಟ ಡ್ರೈವರ್ ದಾರಿಯಲ್ಲಿ ಇಳಿದು ಮನೆಗೆ ಹೋಗಿದ್ದ, ಗಾಡಿ ಬೇರೆಯವನು ಓಡಿಸುತ್ತಿದ್ದ.

ಆದರೆ ಬುಕಿಂಗ್ ಆಫೀಸಿಗೆ ಹೇಳುವ ಮೊದಲು ಒಂದು ಕೆಲಸ ಇದೆ. ನಿಮ್ಮ ಹಳೆಯ ಬಿಲ್ಲಿನಲ್ಲಿರುವ ನಂಬರ್‌ಗೆ ನೀವೇ ಫೋನ್ ಮಾಡಿ, ಪಾರ್ಟಿ ನಿಜಕ್ಕೂ ಬೆಳಗಾವಿ ಅಂದರಾ ಅಂತ ಖಚಿತ ಮಾಡಿಕೊಳ್ಳಿ. ದಾರಿಯಲ್ಲಿರುವ ಮಾಲಿನ ಅಡ್ರೆಸ್ ಬದಲಿಸಿ ಹಾರಿಸಿಕೊಂಡು ಹೋಗುವ ಮೋಸವೂ ಇದೆ.

ಮಾಲು ತಲುಪುವವರೆಗೆ ಟ್ರಾನ್ಸ್‌ಪೋರ್ಟ್‌ನವರು ಕೇಳುವುದು ಸಾಮಾನ್ಯವಾಗಿ ಬುಕ್ ಮಾಡಿದವರ ಮಾತನ್ನು. ಹಾಗಾಗಿ ಪತ್ರ ನಿಮ್ಮ ಲೆಟರ್‌ಹೆಡ್‌ನಲ್ಲಿ, ಸೀಲು ಸಹಿ ಹಾಕಿ, ನೀವು ಯಾವಾಗಲೂ ಬಳಸುವ ಮೇಲ್‌ನಿಂದಲೇ ಹೋಗಬೇಕು. ಬುಕಿಂಗ್ ರಸೀದಿಯಲ್ಲಿರುವ ಎಲ್‌ಆರ್ ನಂಬರ್ ಹಾಕಿ ಹೀಗೆ ಬರೆದರೆ ಸಾಕು: ‘ಎಲ್‌ಆರ್ ನಂಬರ್ ಇಷ್ಟು, ತಾರೀಖು ಇಷ್ಟು, 14 ಬಾಕ್ಸ್. ಹುಬ್ಬಳ್ಳಿಯಲ್ಲಿ ಡೆಲಿವರಿ ಕೊಡಬೇಡಿ, ತಡೆದಿಡಿ. ಅದೇ ಪಾರ್ಟಿಯ ಬೆಳಗಾವಿ ಗೋಡೌನ್‌ಗೆ, ಈ ಅಡ್ರೆಸ್‌ಗೆ ಕಳಿಸಿ. ಹೆಚ್ಚಿನ ಬಾಡಿಗೆ ನಮ್ಮದು.’ ಕೊನೆಯ ಸಾಲು ಬಿಡಬೇಡಿ. ಬಾಡಿಗೆ ಯಾರದು ಅಂತ ಗೊತ್ತಿಲ್ಲದೆ ಹುಬ್ಬಳ್ಳಿಯವರು ಮಾಲು ಮುಟ್ಟುವುದಿಲ್ಲ. ಎಲ್‌ಆರ್‌ನ ಕನ್‌ಸೈನಿ ಕಾಪಿ ಆಗಲೇ ಪಾರ್ಟಿಗೆ ಕಳಿಸಿದ್ದರೆ ಟ್ರಾನ್ಸ್‌ಪೋರ್ಟ್‌ನವರು ಅದನ್ನೂ ಕೇಳಬಹುದು. ‘ಹುಬ್ಬಳ್ಳಿ ಬ್ರಾಂಚ್‌ಗೆ ತಿಳಿಸಿದ್ದೇವೆ’ ಅಂತ ಉತ್ತರ ಬರುವವರೆಗೆ ಕೆಲಸ ಆಗಿಲ್ಲ ಅಂತಲೇ ತಿಳಿಯಿರಿ.

ಇಷ್ಟಾದರೂ ಮಾಲಿನ ಜೊತೆ ಇರಬೇಕಾದ ಜಿಎಸ್‌ಟಿ ಸಾಗಣೆ ದಾಖಲೆ, ಅಂದರೆ ಇ-ವೇ ಬಿಲ್, ಹುಬ್ಬಳ್ಳಿ ಅಂತಲೇ ಹೇಳುತ್ತಿರುತ್ತದೆ. ಜನ ಜಾಸ್ತಿ ಎಡವುವುದು ಇಲ್ಲೇ. ಗಾಡಿ ನಂಬರ್ ಇರುವ ಪಾರ್ಟ್ ಬಿ ಎಷ್ಟು ಸಲ ಬೇಕಾದರೂ ಬದಲಿಸಬಹುದು. ಡೆಲಿವರಿ ಜಾಗ ಇರುವುದು ಪಾರ್ಟ್ ಎ ಯಲ್ಲಿ, ಅದನ್ನು ತಿದ್ದಲು ಬರುವುದಿಲ್ಲ. ಇರುವ ದಾರಿ, ಇ-ವೇ ಬಿಲ್ ಮಾಡಿದ 24 ಗಂಟೆಯೊಳಗೆ ಅದನ್ನು ಕ್ಯಾನ್ಸಲ್ ಮಾಡಿ ಹೊಸದು ಮಾಡುವುದು. ನೀವು ಸಂಜೆ 5 ಗಂಟೆಗೆ ಬಿಲ್ ಮಾಡಿದ್ದರೆ ಮರುದಿನ ಸಂಜೆ 5ರವರೆಗೆ ಸಮಯ ಇತ್ತು. ದಾರಿಯಲ್ಲಿ ಅಧಿಕಾರಿಗಳು ಬಿಲ್ ಪರಿಶೀಲಿಸಿದ್ದರೆ ಮಾತ್ರ ಕ್ಯಾನ್ಸಲ್ ಆಗುವುದಿಲ್ಲ. ಹಳೆಯದು ರದ್ದಾಗಿ ಹೊಸದು ಬರುವ ನಡುವೆ ಗಾಡಿ ಓಡುತ್ತಿದ್ದರೆ ಮಾಲಿಗೆ ಬಿಲ್ಲೇ ಇಲ್ಲದಂತೆ. ಹಾಗಾಗಿ ಲಾರಿ ಎಲ್ಲಾದರೂ ನಿಂತಿರುವಾಗ, ಟ್ರಾನ್ಸ್‌ಪೋರ್ಟ್‌ನವರನ್ನು ಫೋನಿನಲ್ಲಿ ಇಟ್ಟುಕೊಂಡೇ ಮಾಡಿ. ಹೊಸ ನಂಬರ್ ಕೊಟ್ಟು ಅವರಿಂದ ಪಾರ್ಟ್ ಬಿ ತುಂಬಿಸಿ.

ಈಗ ನಿಮ್ಮ ಮಾಲಿನ ವಿಷಯ. 24 ಗಂಟೆ ಮುಗಿದು ಮಾಲು ಹುಬ್ಬಳ್ಳಿಯಲ್ಲೇ ಇದೆ, ಅಲ್ವಾ? ಹಳೆಯ ಬಿಲ್ ಇಟ್ಟುಕೊಂಡು ಬೆಳಗಾವಿಗೆ ಕಳಿಸಬೇಡಿ. ಬಿಲ್ಲಿನಲ್ಲಿ ಊರೇ ಬೇರೆ ಅಂದರೆ ಗಾಡಿ ತಡೆದು ದಂಡ ಹಾಕಬಹುದು. ಊರು ಸರಿ ಇದ್ದು ಪಿನ್ ಕೋಡ್‌ನಲ್ಲಿ ಒಂದು ಅಂಕಿ ತಪ್ಪಿದ್ದರೆ ಸಣ್ಣ ತಪ್ಪು ಅಂತ ಸಣ್ಣ ದಂಡ ಹಾಕಿ ಬಿಡುತ್ತಾರೆ, ಇದು ಅಂಥದ್ದಲ್ಲ. ಸರಿಯಾದ ದಾರಿ ಇದು: ಪಾರ್ಟಿಯೇ ಹುಬ್ಬಳ್ಳಿಯಲ್ಲಿ ಡೆಲಿವರಿ ತೆಗೆದುಕೊಳ್ಳಲಿ. ಆಮೇಲೆ ತಮ್ಮ ಹೆಸರಿನಲ್ಲಿ ಡೆಲಿವರಿ ಚಲನ್ ಬರೆದು, ಹೊಸ ಎಲ್‌ಆರ್, ಹೊಸ ಇ-ವೇ ಬಿಲ್ ಮಾಡಿ ಬೆಳಗಾವಿಗೆ ಸಾಗಿಸಲಿ. ಎರಡೂ ಕಡೆ ಒಂದೇ ಜಿಎಸ್‌ಟಿ ನಂಬರ್ ಆದರೆ ಇದು ಮಾರಾಟ ಅಲ್ಲ, ಗೋಡೌನ್ ಬದಲಾವಣೆ. ಮೊದಲು ಅವರ ಜಿಎಸ್‌ಟಿ ನೋಂದಣಿಯಲ್ಲಿ ಬೆಳಗಾವಿ ಗೋಡೌನ್ ಸೇರಿದೆಯಾ ಅಂತ ಪೋರ್ಟಲ್‌ನಲ್ಲಿ ಅವರ ನಂಬರ್ ಹಾಕಿ ನೋಡಿ. ಬೆಳಗಾವಿಯದು ಬೇರೆ ಕಂಪನಿ ಅಂತ ಗೊತ್ತಾದರೆ ಲೆಕ್ಕವೇ ಬದಲಾಗುತ್ತದೆ. ಆಗ ಅಡ್ರೆಸ್ ಬದಲಾವಣೆ ಅಂತ ಮಾಡಲು ಬರುವುದಿಲ್ಲ. ಹಳೆಯ ಇನ್‌ವಾಯ್ಸ್‌ಗೆ ಕ್ರೆಡಿಟ್ ನೋಟ್ ಕೊಟ್ಟು, ಹೊಸ ಇನ್‌ವಾಯ್ಸ್ ಮಾಡಬೇಕಾಗುತ್ತದೆ.

ಹುಬ್ಬಳ್ಳಿ ಬ್ರಾಂಚ್‌ನಲ್ಲಿ ಮಾಲು ಕೂತಷ್ಟು ದಿನ ಗೋಡೌನ್ ಬಾಡಿಗೆ ಏರುತ್ತದೆ. ಹಾಗಾಗಿ ಇವತ್ತೇ ಪಾರ್ಟಿ ಜೊತೆ ಮಾತಾಡಿ. ಟ್ರಾನ್ಸಿಟ್ ಇನ್ಶೂರೆನ್ಸ್ ಇದ್ದರೆ ಅವರಿಗೂ ಒಂದು ಮೇಲ್ ಹಾಕಿ, ಪಾಲಿಸಿಯಲ್ಲಿ ಕೊನೆಯ ಊರು ಹುಬ್ಬಳ್ಳಿ ಅಂತ ಇರಬಹುದು.