ಗುಂಡು ತಲುಪದ ದೂರ

«ಸರ್, 1814ರಲ್ಲಿ ಚಿಲಿಯ ವಾಲ್ಪರೈಸೊ ಬಳಿ ನಡೆದ ಕಾಳಗದ ಕತೆ ಕಳಿಸಿದ್ದೇನೆ. ಅಮೆರಿಕದ ‘ಎಸೆಕ್ಸ್’ ಹಡಗಿನ ಕ್ಯಾರನೇಡ್‌ಗಳು ಅಷ್ಟು ದೂರದ ಬ್ರಿಟಿಷ್ ಹಡಗು ‘ಫೀಬಿ’ಯನ್ನು ಜರ್ಜರಿತ ಮಾಡುವ ದೃಶ್ಯ ಹೇಗಿದೆ, ನೇರವಾಗಿ ತಿಳಿಸಿ.»

ಆ ದೃಶ್ಯವನ್ನು ತೆಗೆಯಿರಿ. ಅದು ಇರುವವರೆಗೆ ಕತೆ ನಿಲ್ಲುವುದಿಲ್ಲ.

ಕ್ಯಾರನೇಡ್ ಗಿಡ್ಡ ತೋಪು, ಅದರ ಗೋಡೆಯೂ ತೆಳು. 32 ಪೌಂಡಿನ ಗುಂಡು ಹಾರಿಸಿದರೂ ಅದರ ತೂಕ ಒಂದು ಟನ್‌ಗಿಂತ ಕಡಿಮೆ. ಅದೇ ಗುಂಡಿನ ಉದ್ದ ತೋಪು ಎರಡೂವರೆ ಟನ್ ದಾಟುತ್ತದೆ. ಹಾಗಾಗಿ ಕ್ಯಾರನೇಡ್‌ಗೆ ಜಾಸ್ತಿ ಮದ್ದು ತುಂಬುವಂತಿಲ್ಲ. ಉದ್ದ ತೋಪಿಗೆ ಗುಂಡಿನ ತೂಕದ ಮೂರನೇ ಒಂದು ಪಾಲು ಮದ್ದು ಹಾಕಿದರೆ, ಇದಕ್ಕೆ ಹನ್ನೆರಡನೇ ಒಂದು ಪಾಲು. ಮುನ್ನೂರು ನಾನ್ನೂರು ಗಜದೊಳಗೆ ಅದರ ಹೊಡೆತ ಭೀಕರ. ಅದರಾಚೆ ಗುರಿ ನಂಬುವಂತಿಲ್ಲ.

ನಿಮ್ಮ ಕತೆಯಲ್ಲಿ ಹದಿನಾಲ್ಕು ಜನ ಬೆವರು ಸುರಿಸಿ ಕ್ಯಾರನೇಡ್ ಎಳೆಯುತ್ತಾರೆ. ಅಷ್ಟು ಜನ ಬೇಕಾದದ್ದು 32 ಪೌಂಡಿನ ಉದ್ದ ತೋಪಿಗೆ. ಅದು ಪ್ರತಿ ಸಲ ಹಿಂದಕ್ಕೆ ಒದೆಯುತ್ತದೆ. ಆ ಭಾರವನ್ನು ಹಗ್ಗ ಹಿಡಿದು, ವಾಲಾಡುವ ಹಡಗಿನಲ್ಲಿ, ಮತ್ತೆ ಕಿಂಡಿಗೆ ಎಳೆಯಬೇಕು. ಕ್ಯಾರನೇಡ್ ಜಾರುಹಲಗೆಯ ಮೇಲೆ ಹಿಂದೆ ಮುಂದೆ ಸರಿಯುತ್ತದೆ, ನಾಲ್ಕೈದು ಜನ ಸಾಕು. ಕಡಿಮೆ ಜನ, ಬೇಗ ಬೇಗ ಹೊಡೆತ. ಸಣ್ಣ ಹಡಗುಗಳಿಗೆ ಅದು ಇಷ್ಟವಾದದ್ದು ಸುಮ್ನೆ ಅಲ್ಲ.

ಈಗ ಎಸೆಕ್ಸ್ ನೋಡಿ. ಅದರಲ್ಲಿದ್ದದ್ದು 40 ಕ್ಯಾರನೇಡ್, ಬರೀ 6 ಉದ್ದ ತೋಪು, ಅವೂ 12 ಪೌಂಡಿನವು. ಫೀಬಿಯಲ್ಲಿ 18 ಪೌಂಡಿನ ಉದ್ದ ತೋಪುಗಳ ಸಾಲೇ ಇತ್ತು. ಮಾರ್ಚ್ 28ರಂದು ಬಿರುಗಾಳಿಗೆ ಎಸೆಕ್ಸ್‌ನ ದೊಡ್ಡ ಕೂವೆಯ ಮೇಲ್ಭಾಗ ಮುರಿದು, ಅದು ದಡದ ಬಳಿ ಲಂಗರು ಹಾಕಿತು. ಫೀಬಿಯ ಕ್ಯಾಪ್ಟನ್ ಹಿಲ್ಯರ್ ಹಿಂದಿನಿಂದ ಬಂದರು. ಎಸೆಕ್ಸ್‌ನವರು ಮೂರು ಉದ್ದ ತೋಪುಗಳನ್ನು ಹಿಂಬದಿಯ ಕಿಂಡಿಗಳಿಗೆ ತಂದು ಹೊಡೆದರು. ಆ ಮೂರರ ಹೊಡೆತಕ್ಕೇ ಫೀಬಿ ರಿಪೇರಿಗೆಂದು ದೂರ ಸರಿಯಬೇಕಾಯಿತು! ನಿಮ್ಮ ಕತೆಯಲ್ಲಿ ಇದು ಒಂದೇ ಸಾಲು. ಇಲ್ಲಿ ಎರಡು ಪುಟ ನಿಲ್ಲಿ.

ಮರಳಿ ಬಂದ ಹಿಲ್ಯರ್ ಕ್ಯಾರನೇಡ್ ತಲುಪದ ದೂರ ಹಿಡಿದರು. ಎಸೆಕ್ಸ್‌ನ ಕ್ಯಾಪ್ಟನ್ ಪೋರ್ಟರ್ ಲಂಗರಿನ ಹಗ್ಗ ಕಡಿಸಿ ಹತ್ತಿರ ನುಗ್ಗಲು ನೋಡಿದರು. ಹಾಯಿಯ ಹಗ್ಗಗಳು ತುಂಡಾಗಿ ಮುಂದಿನ ಒಂದು ಹಾಯಿ ಮಾತ್ರ ಬಿಚ್ಚಲಾಯಿತು. ಸ್ವಲ್ಪ ಹೊತ್ತು ಕ್ಯಾರನೇಡ್‌ಗಳಿಗೆ ಕೆಲಸ ಸಿಕ್ಕಿತು, ಅಷ್ಟರಲ್ಲಿ ಫೀಬಿ ಮತ್ತೆ ಜಾರಿಕೊಂಡಿತು. ಗಟ್ಟಿ ತೋಪಿನ ಪಕ್ಕದಲ್ಲೇ ನಿಂತು ಏನೂ ಮಾಡಲಾಗದೆ ಸಾಯುವ ಜನ, ನಿಮ್ಮ ಕತೆ ಅವರದು ಅಲ್ವಾ? ನಿಮ್ಮ ನಾಯಕನನ್ನು ಒಂದು ಕ್ಯಾರನೇಡ್ ಬಳಿ ನಿಲ್ಲಿಸಿ.

ಇನ್ನೊಂದು ವಿಷಯ. ಈ ಪ್ರಯಾಣಕ್ಕೆ ಹೊರಡುವ ಮೊದಲೇ ಪೋರ್ಟರ್ ಈ ಕ್ಯಾರನೇಡ್‌ಗಳ ಬಗ್ಗೆ ಮೇಲಿನವರಿಗೆ ದೂರಿದ್ದರು. ಅದನ್ನು ಮೊದಲ ಅಧ್ಯಾಯಕ್ಕೆ ತನ್ನಿ. ತಿದ್ದಿದ ಪ್ರತಿ ಕಳಿಸಿ, ಪೂರ್ತಿ ಓದುತ್ತೇನೆ.