ಬಾಡಿದ ಬೀಟ್‌ರೂಟ್ ಗಟ್ಟಿಯಾಯ್ತು, ಹೆಪ್ಪುಗಟ್ಟಿದ್ದು ಯಾಕೆ ಆಗಲಿಲ್ಲ?

«ಬುಟ್ಟಿಯಲ್ಲಿದ್ದ ಬೀಟ್‌ರೂಟ್ ಬಾಡಿ ರಬ್ಬರ್ ಥರ ಆಗಿತ್ತು. ರಾತ್ರಿ ನೀರಲ್ಲಿ ಹಾಕಿಟ್ಟೆ, ಬೆಳಿಗ್ಗೆ ಗಟ್ಟಿ. ಫ್ರಿಜ್‌ನ ಹಿಂದಿನ ಗೋಡೆಗೆ ತಾಗಿ ಹೆಪ್ಪುಗಟ್ಟಿದ್ದನ್ನೂ ಹಾಗೇ ಮಾಡಿದೆ. ನೀರೆಲ್ಲ ಕೆಂಪು, ಗೆಡ್ಡೆ ಮೆತ್ತಗೇ ಇದೆ. ಯಾಕೆ?»

ಅಕ್ಕ, ಬುಟ್ಟಿಯದು ಕಳೆದುಕೊಂಡಿದ್ದು ನೀರನ್ನು ಮಾತ್ರ. ಫ್ರಿಜ್‌ನದ್ದರಲ್ಲಿ ನೀರನ್ನು ಹಿಡಿದಿಡುವ ಪೊರೆಯೇ ಹರಿದಿದೆ.

ಬಲಿತ ಜೀವಕೋಶದ ಒಳಗೆ ಮುಕ್ಕಾಲು ಪಾಲಿಗೂ ಹೆಚ್ಚು ಜಾಗ ಹಿಡಿದಿರುವುದು ರಸದಾನಿ, ಅಂದರೆ ರಸ ತುಂಬಿದ ಚೀಲ. ಕೋಶದ್ರವ್ಯ ಅದರ ಸುತ್ತ ತೆಳುವಾಗಿ ಒತ್ತಿಕೊಂಡಿರುತ್ತದೆ. ಬೀಟ್‌ರೂಟಿನ ಕೆಂಪು ಬಣ್ಣ, ಸಕ್ಕರೆಯ ಬಹುಪಾಲು, ಮಣ್ಣಿಂದ ಎಳೆದುಕೊಂಡ ಪೊಟ್ಯಾಶ್, ನೈಟ್ರೇಟ್ ಎಲ್ಲ ಈ ರಸದಾನಿಯಲ್ಲಿವೆ. ಅದರ ಸುತ್ತಲಿನ ಪೊರೆಗೆ ಟೋನೊಪ್ಲಾಸ್ಟ್ ಅಂತ ಹೆಸರಿಟ್ಟವರು ಡಚ್ ಸಸ್ಯವಿಜ್ಞಾನಿ ಹ್ಯೂಗೋ ಡಿ ವ್ರೀಸ್, 1885ರಲ್ಲಿ.

ಈ ಪೊರೆ ಬರೀ ಚೀಲವಲ್ಲ, ಅದರಲ್ಲಿ ಪಂಪುಗಳಿವೆ. ಶಕ್ತಿ ಖರ್ಚು ಮಾಡಿ ಒಳಕ್ಕೆ ಆಮ್ಲ ತಳ್ಳುತ್ತವೆ. ಹಾಗಾಗಿ ರಸದ ಪಿಎಚ್ ಸಾಮಾನ್ಯವಾಗಿ 5ರಿಂದ 6ರ ಆಸುಪಾಸು, ಹೊರಗಿನ ಕೋಶದ್ರವ್ಯದ್ದು 7ಕ್ಕಿಂತ ಮೇಲೆ. ಆ ವ್ಯತ್ಯಾಸದ ಬಲದಲ್ಲೇ ಸಕ್ಕರೆ, ಲವಣ ಒಳಗೆ ಸೇರುತ್ತವೆ. ಒಳಗೆ ಸಾಂದ್ರತೆ ಹೆಚ್ಚಾದಷ್ಟೂ ನೀರು ನುಗ್ಗುತ್ತದೆ. ರಸದಾನಿ ಉಬ್ಬಿ ಕೋಶಭಿತ್ತಿಯನ್ನು ಒಳಗಿಂದ ಒತ್ತುತ್ತದೆ. ಚೆನ್ನಾಗಿ ನೀರು ಕುಡಿದ ಕೋಶದಲ್ಲಿ ಈ ಒತ್ತಡ ಕಾರಿನ ಟೈರಿನ ಗಾಳಿಯ ಎರಡು ಪಟ್ಟನ್ನೂ ಮೀರಬಹುದು. ಬೀಟ್‌ರೂಟಿನ ಗಟ್ಟಿತನ ಹೆಚ್ಚಾಗಿ ಬರುವುದು ಇಲ್ಲಿಂದಲೇ. ಬುಟ್ಟಿಯಲ್ಲಿ ನೀರು ಆರಿ ಒತ್ತಡ ಇಳಿದಿತ್ತು, ಆದರೆ ಸಕ್ಕರೆ ಒಳಗೇ ಇತ್ತು. ನೀರಲ್ಲಿಟ್ಟಾಗ ಆ ಸಕ್ಕರೆಯೇ ನೀರನ್ನು ಮತ್ತೆ ಎಳೆದುಕೊಂಡಿತು.

ಇದೇ ಪ್ರಶ್ನೆಗೆ ಮೇಷ್ಟ್ರೊಬ್ಬರು «ಐಸ್ ಆಗಿ ಕೋಶದ ಗೋಡೆ ಒಡೆದಿದೆ» ಅಂದಿದ್ದಾರೆ. ಐಸ್ ಅನ್ನುವುದು ಸರಿ, ಗೋಡೆಯ ಬಗ್ಗೆ ಮಾತ್ರ ನನ್ನ ತಕರಾರು. ಗೋಡೆಯ ಸಂದುಗಳಲ್ಲಿ ನೀರೂ ಬಣ್ಣವೂ ಮೊದಲಿಂದಲೇ ದಾಟಬಲ್ಲವು. ಬಣ್ಣವನ್ನು ತಡೆಯುತ್ತಿದ್ದುದು ಎರಡು ಪೊರೆಗಳು: ಟೋನೊಪ್ಲಾಸ್ಟ್ ಮತ್ತು ಕೋಶದ ಹೊರಪೊರೆ. ನೀರು ಕೆಂಪಾಯಿತೆಂದರೆ ಎರಡೂ ಹೋಗಿವೆ. ಯಾವುದು ಮೊದಲು ಹರಿಯಿತು ಅನ್ನುವುದನ್ನು ಬಣ್ಣ ನೋಡಿ ಹೇಳಲಾಗದು.

ಅನುಮಾನವಿದ್ದರೆ ಮನೆಯಲ್ಲೇ ನೋಡಿ. ತಾಜಾ ಬೀಟ್‌ರೂಟನ್ನು ಬೆರಳಗಲದ ತುಂಡು ಮಾಡಿ, ತೊಳೆದ ನೀರು ತಿಳಿಯಾಗುವವರೆಗೂ ತೊಳೆಯಿರಿ. ಇದು ಬಿಟ್ಟರೆ ಪ್ರಯೋಗ ಕೆಟ್ಟಂತೆ, ಯಾಕೆಂದರೆ ಚಾಕು ಕೊಯ್ದ ಕೋಶಗಳಿಂದ ಬಣ್ಣ ಹೇಗೂ ಸುರಿಯುತ್ತದೆ. ಒಂದು ತುಂಡು ಸಾದಾ ನೀರಿಗೆ. ಇನ್ನೊಂದು, ಲೋಟಕ್ಕೆ ಒಂದು ಟೀ ಚಮಚ ಉಪ್ಪು ಕರಗಿಸಿದ ನೀರಿಗೆ. ಮೂರನೆಯದನ್ನು ರಾತ್ರಿ ಫ್ರೀಜರಿನಲ್ಲಿಟ್ಟು ಬೆಳಿಗ್ಗೆ ನೀರಿಗೆ. ಅರ್ಧ ಗಂಟೆ ಬಿಟ್ಟು ನೋಡಿದರೆ ಉಪ್ಪಿನ ತುಂಡು ಬಗ್ಗುವಷ್ಟು ಮೆತ್ತಗಾಗಿರುತ್ತದೆ, ಆದರೆ ನೀರು ಅಷ್ಟೇನೂ ಕೆಂಪಾಗಿರುವುದಿಲ್ಲ. ಸಾದಾ ನೀರಿಗೆ ಹಾಕಿದರೆ ಸಾಮಾನ್ಯವಾಗಿ ಮತ್ತೆ ಬಿಗಿಯಾಗುತ್ತದೆ. ಫ್ರೀಜರಿನದು ಮೆತ್ತಗೂ ಆಗಿ ನೀರನ್ನೂ ಕೆಂಪು ಮಾಡುತ್ತದೆ. ಉಪ್ಪಿನಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಅಲ್ಲೂ ಪೊರೆ ಸಾಯುತ್ತದೆ. ಕುದಿಯುವ ನೀರಿನಲ್ಲೂ ಅದೇ ಕಥೆ, ಸಾರು ಕೆಂಪಾಗುವುದು ಅದಕ್ಕೇ.

ಆದ್ದರಿಂದ ನಿಮ್ಮ ಹೆಪ್ಪುಗಟ್ಟಿದ ಗೆಡ್ಡೆಯನ್ನು ನೀರಲ್ಲಿ ನೆನೆಸಬೇಡಿ, ಸಕ್ಕರೆಯೂ ಬಣ್ಣವೂ ಸೋರಿ ಹೋಗುತ್ತವೆ. ಕೊಯ್ದಾಗ ಒಳಗೆ ಗಾಜಿನಂತೆ ಪಾರಕವಾದ ಭಾಗ ಕಂಡು, ಒತ್ತಿದರೆ ರಸ ಒಸರಿದರೆ ಹೆಪ್ಪಿನ ಗುರುತು. ಅವತ್ತೇ ಪಲ್ಯ ಮಾಡಿಬಿಡಿ. ಮುಂದಕ್ಕೆ, ಕಿತ್ತ ಕೂಡಲೇ ಸೊಪ್ಪು ತಿರುಚಿ ತೆಗೆಯಿರಿ, ಎರಡು ಬೆರಳಷ್ಟು ದಂಟು ಬಿಡಿ. ಸೊಪ್ಪು ಗೆಡ್ಡೆಯ ನೀರನ್ನೇ ಹೀರಿ ಆರಿಸುತ್ತದೆ. ಫ್ರಿಜ್‌ನಲ್ಲಾದರೆ ಒದ್ದೆ ಬಟ್ಟೆ ಸುತ್ತಿ ಕೆಳಗಿನ ತರಕಾರಿ ಡ್ರಾಯರಿನಲ್ಲಿಡಿ. ತೀರಾ ಸುಕ್ಕುಗಟ್ಟಿದ್ದು ನೀರಲ್ಲಿಟ್ಟರೂ ಏಳುವುದಿಲ್ಲ. ಅಷ್ಟು ಕುಗ್ಗುವ ಹೊತ್ತಿಗೆ ಪೊರೆಗಳೂ ಹಾಳಾಗಿರುತ್ತವೆ.

«ನಮ್ಮ ಬೀಟ್‌ರೂಟ್ ಎಲೆ ಮಧ್ಯಾಹ್ನ ಜೋತುಬೀಳುತ್ತೆ, ಯೂರಿಯಾ ಕೊಡ್ಲಾ?» ಅಂತ ಕೇಳಿದ ತಮ್ಮ, ಇದು ಬೇರೆ ವಿಷಯ, ಆದರೂ ಹೇಳ್ತೀನಿ. ಸಂಜೆಗೆ ಎಲೆ ತಾನೇ ಎದ್ದರೆ ಅದು ಬಿಸಿಲಿಗೆ ಒತ್ತಡ ಇಳಿದದ್ದು, ಗೊಬ್ಬರದ ಕೊರತೆಯಲ್ಲ. ಯೂರಿಯಾ ಹೆಚ್ಚಾದರೆ ಮಿಕ್ಕ ನೈಟ್ರೇಟ್ ಎಲೆ, ದಂಟಿನ ರಸದಾನಿಯಲ್ಲೇ ಸೇರಿಕೊಳ್ಳುತ್ತದೆ. ಬೆಳಿಗ್ಗೆಯೂ ಜೋತಿದ್ದರೆ ಒಂದು ಗಿಡ ಕಿತ್ತು ಬೇರಿನ ಫೋಟೋ ಹಾಕು. ನೀರು ಸಾಲದೆಯೋ, ಬೇರು ಕೊಳೆತೋ ಅಂತ ಎಲೆ ಮಾತ್ರ ನೋಡಿ ನಾನು ಹೇಳಲಾರೆ.